ಹಿಂದಿಯ ತಿರ್ಯಕ್ ರೂಪ ಮತ್ತು ಕನ್ನಡ ಕಲಿಕಾರ್ಥಿ: ಆಕಾರಾಂತ ಪದಗಳನ್ನು ಕುರಿತು

ಹಿಂದಿಯನ್ನು ತೃತೀಯ ಭಾಷೆಯಾಗಿ ಕಲಿತ ಕನ್ನಡಿಗರ ಬರವಣಿಗೆಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಾಣಿಸುತ್ತದೆ. ‘ದೊಡ್ಡ ಮನೆಯಲ್ಲಿ’ ಎಂಬುದಕ್ಕೆ ಅವರು ‘ಬಡಾ ಘರ್ ಮೇಂ’ ಎಂದು ಬರೆಯುತ್ತಾರೆ. ‘ಬಡೇ ಘರ್ ಮೇಂ’ ಎಂದಾಗಬೇಕಿತ್ತು. ಹಿಂದಿಯಲ್ಲಿ ವಿಭಕ್ತಿಸೂಚಕವಾದ ‘ಮೇಂ, ಪರ್, ಕೋ, ಸೇ, ಕಾ’ ಮುಂತಾದ ಪರಸರ್ಗಗಳು ಬಂದಾಗ ಅವುಗಳ ಹಿಂದಿನ ನಾಮಪದವೂ ವಿಶೇಷಣವೂ ರೂಪ ಬದಲಿಸುತ್ತವೆ. ಈ ಬದಲಾದ ರೂಪವನ್ನು ತಿರ್ಯಕ್ ರೂಪವೆಂದು ಕರೆಯುವುದು ವಾಡಿಕೆ. ಕನ್ನಡದಲ್ಲಿ ಇಂಥದ್ದು ಇಲ್ಲವಾದ್ದರಿಂದ ಕನ್ನಡಿಗರಿಗೆ ಇದು ಕಷ್ಟವೆಂಬ ಮಾತು ರೂಢಿಯಲ್ಲಿದೆ. ಆ ಮಾತು ಅರ್ಧ ಮಾತ್ರ ನಿಜ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಉದಾಹರಣೆಗಳನ್ನು ದೊಡ್ಡಬಳ್ಳಾಪುರದ ನೇಯ್ಗೆಯ ಮಾತಿನಿಂದ ಆರಿಸಿಕೊಂಡಿದ್ದೇನೆ. ಹಿಂದಿಯಲ್ಲಿ ಮಗ್ಗಕ್ಕೆ ‘ಕರ್ಘಾ’, ದಾರಕ್ಕೆ ‘ಧಾಗಾ’, ಹಾಸಿಗೆ ‘ತಾನಾ’, ಹೊಕ್ಕಿಗೆ ‘ಬಾನಾ’, ಬಟ್ಟೆಗೆ ‘ಕಪ್ಡಾ’. ಇವೆಲ್ಲವೂ ಆಕಾರಾಂತ ಪುಲ್ಲಿಂಗ ಶಬ್ದಗಳು. ಹಿಂದಿ ಪದಗಳನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಬರೆಯಲಾಗಿದೆ.

ಮೊದಲು ನಾಮಪದದ ಸಂಗತಿ. ‘ಮಗ್ಗ’ ಎಂಬ ಪ್ರಕೃತಿಗೆ ‘ಅಲ್ಲಿ’ ನೇರವಾಗಿ ಸೇರುವುದಿಲ್ಲ. ನಡುವೆ ದಕಾರ ಬಂದು ‘ಮಗ್ಗದಲ್ಲಿ’ ಎಂದಾಗುತ್ತದೆ. ‘ನೂಲು’ ಎಂಬುದು ‘ನೂಲಿನಲ್ಲಿ’ ಎಂದಾಗುತ್ತದೆ. ನಮ್ಮ ವ್ಯಾಕರಣಗಳು ಇದನ್ನು ಆಗಮವೆಂದೋ ಔಪವಿಭಕ್ತಿಕ ಪ್ರತ್ಯಯವೆಂದೋ ವಿವರಿಸಿವೆ. ‘ಮಗ್ಗದ ಮೇಲೆ’, ‘ಮಗ್ಗದ ಕೆಳಗೆ’ ಎನ್ನುವಾಗಲೂ ‘ಮೇಲೆ’, ‘ಕೆಳಗೆ’ ಎಂಬವು ‘ಮಗ್ಗ’ ಎಂಬ ಮೂಲರೂಪಕ್ಕೆ ಹತ್ತುವುದಿಲ್ಲ. ಎಂದರೆ ವಿಭಕ್ತಿಗೆ ಮುನ್ನ ನಾಮಪದ ಸಿದ್ಧವಾಗಿ ನಿಲ್ಲುವುದು ಕನ್ನಡಿಗನಿಗೆ ಹೊಸತಲ್ಲ. ‘ಕರ್ಘಾ’ ಎಂಬುದು ‘ಕರ್ಘೇ ಪರ್’ ಎಂದಾಗುವುದು ‘ಮಗ್ಗ’ವು ‘ಮಗ್ಗದ ಮೇಲೆ’ ಎಂದಾಗುವಂಥದೇ. ಹಾಗೆ ನೋಡಿದರೆ ಹಿಂದಿಯೇ ಸುಲಭ: ಕನ್ನಡದಲ್ಲಿ ‘ಮಗ್ಗವನ್ನು’, ‘ಮಗ್ಗಕ್ಕೆ’ ಎಂಬಲ್ಲಿ ದಕಾರವಿಲ್ಲ, ‘ಮಗ್ಗದಿಂದ’ ಎಂಬಲ್ಲಿ ಇದೆ, ಹಿಂದಿಯಲ್ಲಾದರೋ ಏಕವಚನದ ‘ಕರ್ಘೇ’ ಒಂದೇ ರೂಪ ಎಲ್ಲ ಪರಸರ್ಗಗಳಿಗೂ ಸಲ್ಲುತ್ತದೆ.

ತೊಡಕು ಇರುವುದು ವಿಶೇಷಣದಲ್ಲಿ. ‘ಹಳೆಯ ಮಗ್ಗ, ಹಳೆಯ ಮಗ್ಗದಲ್ಲಿ, ಹಳೆಯ ಮಗ್ಗಗಳಲ್ಲಿ’ ಎಂಬ ಮೂರರಲ್ಲೂ ‘ಹಳೆಯ’ ಎಂಬುದು ಅಲುಗುವುದಿಲ್ಲ. ವಿಭಕ್ತಿಯ ಭಾರವನ್ನು ಕನ್ನಡದಲ್ಲಿ ಕೊನೆಯ ನಾಮಪದವೊಂದೇ ಹೊರುತ್ತದೆ. ಹಿಂದಿಯಲ್ಲಿ ಆ ಭಾರ ಹಿಂದಿನ ಪದಗಳಿಗೂ ಹಂಚಿಹೋಗುತ್ತದೆ: ‘ಪುರಾನಾ ಕರ್ಘಾ’, ‘ಪುರಾನೇ ಕರ್ಘೇ ಪರ್’, ‘ಪುರಾನೇ ಕರ್ಘೋಂ ಪರ್’. ಬಹುವಚನದಲ್ಲಿ ನಾಮಪದ ‘ಓಂ’ ಪಡೆದರೂ ವಿಶೇಷಣ ‘ಪುರಾನೇ’ ಎಂದೇ ಉಳಿಯುತ್ತದೆ. ‘ಈ ಮಗ್ಗದ ಮೇಲೆ’ ಎಂಬಲ್ಲಿ ನಮ್ಮ ‘ಈ’ ಬದಲಾಗದು. ಹಿಂದಿಯ ‘ಯಹ್’ ಮಾತ್ರ ‘ಇಸ್’ ಆಗಿ ‘ಇಸ್ ಕರ್ಘೇ ಪರ್’ ಎಂದಾಗುತ್ತದೆ.

ಆರಂಭದಲ್ಲಿ ಹೇಳಿದ ‘ಬಡಾ ಘರ್ ಮೇಂ’ ಎಂಬ ತಪ್ಪಿನ ಕಾರಣ ಈಗ ಸ್ಪಷ್ಟವಾಗುತ್ತದೆ. ‘ಘರ್’ ಎಂಬುದು ವ್ಯಂಜನಾಂತ. ಏಕವಚನದ ತಿರ್ಯಕ್ಕಿನಲ್ಲಿ ಅದರ ಹೊರರೂಪ ಬದಲಾಗುವುದಿಲ್ಲ. ‘ಕರ್ಘೇ ಪರ್’ ಎಂದು ಬರೆಯುವಾಗ ನಾಮಪದದ ಏಕಾರವಾದರೂ ವಿಶೇಷಣವನ್ನು ನೆನಪಿಸೀತು. ‘ಘರ್ ಮೇಂ’ ಎಂಬಲ್ಲಿ ಆ ನೆನಪೂ ಇಲ್ಲ. ನಾಮಪದ ತಿರ್ಯಕ್ಕಿನಲ್ಲಿದೆ ಎಂಬುದನ್ನು ಅಲ್ಲಿ ತೋರಿಸಬೇಕಾದುದು ವಿಶೇಷಣ ಒಂದೇ. ಕನ್ನಡದ ಅಭ್ಯಾಸಕ್ಕೆ ಇದು ಪೂರ್ಣವಾಗಿ ತಿರುಗುಮುರುಗು. ಪಠ್ಯಗಳಲ್ಲಿ ‘ಲಡ್ಕಾ – ಲಡ್ಕೇ ಕೋ’ ಎಂಬ ರೂಪಾವಳಿಯನ್ನು ಬಾಯಿಪಾಠ ಮಾಡಿಸಿ ವಿಶೇಷಣವನ್ನು ಬೇರೊಂದು ಪಾಠಕ್ಕೆ ಬಿಡುವ ಕ್ರಮ ಕನ್ನಡಿಗನಿಗೆ ತಿಳಿದುದನ್ನೇ ಕಲಿಸಿ ತಿಳಿಯದುದನ್ನು ಬಿಟ್ಟುಬಿಡುತ್ತದೆ.

ಒಂದು ಪದಪುಂಜವನ್ನು ಬಿಡಿಸಿ ನೋಡಬಹುದು. ‘ನನ್ನ ದೊಡ್ಡ ಮಗನ ಹಳೆಯ ಮಗ್ಗದ ದಾರದಿಂದ’ ಎಂಬುದು ಹಿಂದಿಯಲ್ಲಿ ‘ಮೇರೇ ಬಡೇ ಬೇಟೇ ಕೇ ಪುರಾನೇ ಕರ್ಘೇ ಕೇ ಧಾಗೇ ಸೇ’ ಎಂದಾಗುತ್ತದೆ. ‘ಸೇ’ಯನ್ನು ಬಿಟ್ಟರೆ ಉಳಿದ ಎಂಟು ಪದಗಳೂ ಏಕಾರಾಂತ. ಷಷ್ಠಿಯ ‘ಕಾ’ ಕೂಡ ವಿಶೇಷಣದಂತೆ ವರ್ತಿಸಿ ‘ಕೇ’ ಆಗಿದೆ. ಈಗ ‘ದಾರ ತುಂಡಾಯಿತು’ ಎಂದು ಬದಲಿಸೋಣ: ‘ಮೇರೇ ಬಡೇ ಬೇಟೇ ಕೇ ಪುರಾನೇ ಕರ್ಘೇ ಕಾ ಧಾಗಾ ಟೂಟ್ ಗಯಾ’. ‘ಸೇ’ ಹೋದೊಡನೆ ‘ಧಾಗಾ’ವೂ ಅದಕ್ಕೆ ತಗುಲಿದ ‘ಕಾ’ವೂ ಮೂಲರೂಪಕ್ಕೆ ಮರಳಿದವು. ‘ಪುರಾನೇ ಕರ್ಘೇ’ ಮರಳಲಿಲ್ಲ, ಏಕೆಂದರೆ ಅದರ ಮುಂದೆ ‘ಕಾ’ ಎಂಬ ಪರಸರ್ಗ ಇದ್ದೇ ಇದೆ. ‘ಮೇರೇ ಬಡೇ ಬೇಟೇ’ಗೂ ಅದರದೇ ಆದ ‘ಕೇ’ ಇದೆ. ಪ್ರತಿಯೊಂದು ಪರಸರ್ಗವೂ ತನ್ನ ಹಿಂದಿನ ನಾಮಪದವನ್ನೂ ಅದರ ವಿಶೇಷಣಗಳನ್ನೂ ಮಾತ್ರ ಆಳುತ್ತದೆ. ಆದ್ದರಿಂದ ಬಲದಿಂದ ಎಡಕ್ಕೆ ಓದಿ ಸರಿನೋಡುವುದು ಸುಲಭೋಪಾಯ.

ತಪ್ಪಿದರೆ ಅರ್ಥವೂ ಕೆಡಬಹುದು. ‘ಕರ್ಘೇ’ ಎಂಬುದು ಏಕವಚನದ ತಿರ್ಯಕ್ ರೂಪವೂ ಹೌದು, ಬಹುವಚನದ ಮೂಲರೂಪವೂ ಹೌದು. ‘ಪುರಾನೇ ಕರ್ಘೇ ಬೇಚ್ ದಿಯೇ’ ಎಂದರೆ ಹಲವು ಮಗ್ಗಗಳನ್ನು ಮಾರಿದಂತೆ. ‘ಪುರಾನೇ ಕರ್ಘೇ ಕೋ ಬೇಚ್ ದಿಯಾ’ ಎಂದರೆ ಒಂದೇ ಮಗ್ಗವನ್ನು. ಏಕಾರ ಕಂಡಲ್ಲೆಲ್ಲ ಬಹುವಚನವೆಂದು ಭಾವಿಸುವವನು ಎರಡನೆಯ ವಾಕ್ಯವನ್ನು ತಪ್ಪಾಗಿ ಗ್ರಹಿಸುತ್ತಾನೆ. ಮುಂದೆ ಪರಸರ್ಗವಿದೆಯೇ ಎಂಬುದೊಂದೇ ಇಲ್ಲಿ ಗುರುತು.

ಆಕಾರಾಂತಗಳೆಲ್ಲವೂ ಹೀಗೆ ಬದಲಾಗುವುದಿಲ್ಲ. ‘ಘೋಡಾ’ ಎಂಬುದು ಸಂಸ್ಕೃತದ ‘ಘೋಟಕ’ದಿಂದ ಬಂದ ತದ್ಭವ, ಈ ಬಗೆಯ ತದ್ಭವ ಪುಲ್ಲಿಂಗಗಳಲ್ಲಿ ವಿಕಾರ ಸಹಜ. ‘ರಾಜಾ’, ‘ಪಿತಾ’, ‘ನೇತಾ’ ಎಂಬ ತತ್ಸಮಗಳು ಏಕವಚನದಲ್ಲಿ ಹಾಗೆಯೇ ನಿಲ್ಲುತ್ತವೆ: ‘ರಾಜಾ ಕೋ’, ಬಹುವಚನದಲ್ಲಿ ‘ರಾಜಾಓಂ ಕೋ’. ‘ಭಾಷಾ’, ‘ಮಾತಾ’ ಎಂಬ ಸ್ತ್ರೀಲಿಂಗಗಳೂ ಏಕವಚನದಲ್ಲಿ ಬದಲಾಗವು. ನಂಟಿನ ಪದಗಳಲ್ಲಿ ಎಚ್ಚರ ಬೇಕು: ‘ಮಾಮಾ’, ‘ಚಾಚಾ’, ‘ದಾದಾ’ ಬದಲಾಗವು, ‘ಬೇಟಾ’, ‘ಭತೀಜಾ’ ಬದಲಾಗುತ್ತವೆ. ವಿಶೇಷಣಗಳಲ್ಲಿ ‘ಬಢಿಯಾ’ ಎಂಬುದು ಸ್ಥಿರ. ‘ಬಢಿಯಾ ಧಾಗೇ ಸೇ’ ಎಂಬುದೇ ಸರಿ.

ನಮ್ಮ ಜಿಲ್ಲೆಯ ಊರುಗಳ ಹೆಸರನ್ನು ಹಿಂದಿಯಲ್ಲಿ ಬರೆಯುವಾಗಲೂ ಈ ಪ್ರಶ್ನೆ ಏಳುತ್ತದೆ. ಹಿಂದಿಯಲ್ಲಿ ಪದಾಂತ್ಯದ ಅಕಾರವನ್ನು ಉಚ್ಚರಿಸುವುದಿಲ್ಲವಾದ್ದರಿಂದ ನೆಲಮಂಗಲವನ್ನು ‘ನೇಲಮಂಗಲಾ’ ಎಂದು ದೀರ್ಘಾಂತವಾಗಿ ಬರೆಯುವುದುಂಟು. ನಿಯಮ ಕಲಿತ ಉತ್ಸಾಹದಲ್ಲಿ ವಿದ್ಯಾರ್ಥಿ ಅದನ್ನು ‘ನೇಲಮಂಗಲೇ ಮೇಂ’ ಎಂದು ಮಾಡಬಾರದು. ‘ಆಗ್ರಾ’, ‘ಕಲ್ಕತ್ತಾ’ಗಳಿಗೆ ‘ಆಗ್ರೇ ಮೇಂ’, ‘ಕಲ್ಕತ್ತೇ ಮೇಂ’ ಎಂಬ ರೂಪಗಳಿವೆ, ‘ಆಗ್ರಾ ಮೇಂ’ ಎಂಬುದೂ ಸಾಧು. ಹೊರಗಿನ ಭಾಷೆಗಳ ಊರುಹೆಸರನ್ನಂತೂ ಹಾಗೆಯೇ ಬಿಡುವುದು ರೂಢಿ: ‘ನೇಲಮಂಗಲಾ ಮೇಂ’. ಹೊಸಕೋಟೆಯ ಪಾಡು ಇದಕ್ಕೆ ವಿರುದ್ಧವಾದದ್ದು. ‘ಹೋಸಕೋಟೇ ಮೇಂ’ ಎಂಬಲ್ಲಿನ ಏಕಾರ ತಿರ್ಯಕ್ಕಿನಂತೆ ಕಂಡರೂ ಅದು ಕನ್ನಡದ ‘ಕೋಟೆ’ಯದೇ ಸ್ವರ, ಅದನ್ನು ನೋಡಿ ‘ಹೋಸಕೋಟಾ’ ಎಂಬ ಮೂಲರೂಪವೊಂದನ್ನು ಕಲ್ಪಿಸಿಕೊಳ್ಳಲು ಆಧಾರವಿಲ್ಲ.