ಜಾಹೀರಾತಿನಲ್ಲಿ ಬರೆಯದೆ ಬಿಟ್ಟದ್ದು

ನೀವು ಕಳಿಸಿದ ‘ಬಿಸಿನೆಸ್ ಡೆವಲಪ್‌ಮೆಂಟ್ ಎಕ್ಸಿಕ್ಯುಟಿವ್’ ಜಾಹೀರಾತನ್ನು ಪೂರ್ತಿ ಓದಿದೆ. ಎಂಬಿಎ ಕೇಳಿದ್ದಾರೆಂದು ಬಿಕಾಂ ಓದಿದ ನೀವು ಹಿಂಜರಿಯಬೇಕಿಲ್ಲ. ಕೆಳಗೆ ‘0–2 ವರ್ಷ ಅನುಭವ, ಸ್ವಂತ ಬೈಕ್, ಡ್ರೈವಿಂಗ್ ಲೈಸೆನ್ಸ್ ಕಡ್ಡಾಯ’ ಎಂದಿದೆಯಲ್ಲ, ಕೆಲಸ ಏನೆಂದು ಹೇಳುವುದು ಆ ಸಾಲು. ಅಂಗಡಿ, ಕಚೇರಿಗಳನ್ನು ಸುತ್ತಿ ಮಾರಾಟ ಮಾಡುವ ಕೆಲಸವಿದು. ಎಂಬಿಎ ಬಹುಶಃ ಅರ್ಜಿಗಳ ರಾಶಿ ಕಡಿಮೆ ಮಾಡಲು ಹಿಡಿದ ಜರಡಿ.

ನನಗೆ ನಿಜವಾಗಿ ಚಿಂತೆ ಹುಟ್ಟಿಸಿದ್ದು ‘ವರ್ಷಕ್ಕೆ 6 ಲಕ್ಷದವರೆಗೆ ಸಿಟಿಸಿ’ ಎಂಬ ಮಾತು. ಅದರಲ್ಲಿ 2.4 ಲಕ್ಷ ಇನ್ಸೆಂಟಿವ್ ಆಗಿದ್ದರೆ ಖಚಿತವಾಗಿ ಉಳಿಯುವುದು ತಿಂಗಳಿಗೆ 30 ಸಾವಿರ. ಅದರೊಳಗೂ ಕಂಪನಿಯ ಪಾಲಿನ ಪಿಎಫ್ ಸೇರಿರಬಹುದು. ಪೆಟ್ರೋಲ್ ಖರ್ಚು ಯಾರದೆಂದು ಬರೆದಿಲ್ಲ. ‘ಒತ್ತಡದಲ್ಲೂ ದುಡಿಯಬಲ್ಲ ಉತ್ಸಾಹಿಗಳು’ ಬೇಕಂತೆ, ಆದರೆ ಟಾರ್ಗೆಟ್ ಎಷ್ಟೆಂಬುದೇ ಇಲ್ಲ.

ಅರ್ಜಿ ಹಾಕಿ. ಎಚ್‌ಆರ್‌ನವರು ಫೋನ್ ಮಾಡಿದಾಗ ಫಿಕ್ಸೆಡ್ ಸಂಬಳ ಎಷ್ಟು, ತಿಂಗಳ ಟಾರ್ಗೆಟ್ ಏನು, ಈಗಿನ ತಂಡದಲ್ಲಿ ಎಷ್ಟು ಜನ ಅದನ್ನು ಮುಟ್ಟುತ್ತಿದ್ದಾರೆ, ಈ ಜಾಗ ಖಾಲಿಯಾದದ್ದು ಹೇಗೆ ಎಂದು ಕೇಳಿ. ‘ಸೇರಿದ ಮೇಲೆ ಹೇಳ್ತೀವಿ’ ಅಂದರೆ, ಫಿಕ್ಸೆಡ್ ಮೊತ್ತವನ್ನು ಪ್ರತ್ಯೇಕವಾಗಿ ನಮೂದಿಸಿದ ಆಫರ್ ಲೆಟರ್ ಕೈಗೆ ಬರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.