ಸಾಧನೆಯ ಪ್ರಶ್ನೆಯಲ್ಲಿ ಅಂಕ ಎಲ್ಲಿ ಬೀಳುತ್ತದೆ?

ಹಗಲು ಕಚೇರಿಯಲ್ಲೋ ಕಾರ್ಖಾನೆಯಲ್ಲೋ ದುಡಿದು, ಸಂಜೆಯ ಹೊತ್ತು ಪದವಿ ಪರೀಕ್ಷೆಗೆ ಓದುವ ನಮ್ಮ ವಾಚಕರಲ್ಲಿ ಗಣಿತವನ್ನು ಆರಿಸಿಕೊಂಡವರಿಗೆ ರಿಯಲ್ ಅನಾಲಿಸಿಸ್ ಎಂಬ ವಿಷಯವೇ ತೊಡಕಿನದು. ಲೆಕ್ಕ ಮಾಡಿ ಉತ್ತರ ತೆಗೆಯುವ ಪ್ರಶ್ನೆಯಾದರೆ ಪುಸ್ತಕದ ಕೊನೆಯ ಪುಟ ನೋಡಿ ತಾಳೆ ಹಾಕಬಹುದು. "ಸಾಧಿಸಿ" ಎಂಬ ಪ್ರಶ್ನೆಯಲ್ಲಿ ಆ ಅನುಕೂಲವಿಲ್ಲ. ಉತ್ತರದ ಕೊನೆಯ ಸಾಲು ಪ್ರಶ್ನೆಯಲ್ಲೇ ಇರುತ್ತದೆ. ಎಲ್ಲರೂ ಅದನ್ನೇ ಬರೆದು ಮುಗಿಸುತ್ತಾರೆ. ಆದರೂ ಒಬ್ಬರಿಗೆ 10 ಅಂಕ, ಇನ್ನೊಬ್ಬರಿಗೆ 5, ಮತ್ತೊಬ್ಬರಿಗೆ 2. ಪಾಠ ಹೇಳುವವರು ಹತ್ತಿರದಲ್ಲಿಲ್ಲದೆ ತಾವೇ ಓದಿಕೊಳ್ಳುವವರು ತಮ್ಮ ಉತ್ತರವನ್ನು ತಾವೇ ತಿದ್ದಿಕೊಳ್ಳಬೇಕಾಗುವುದರಿಂದ, ಒಂದೇ ಒಂದು ಪ್ರಶ್ನೆಯನ್ನು ತೆಗೆದುಕೊಂಡು ಅಂಕ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಪ್ರಶ್ನೆ ಹಳೆಯದು, ಎಲ್ಲ ಪಠ್ಯಗಳಲ್ಲಿಯೂ ಇರುವುದು: aₙ ಎಂಬ ಅನುಕ್ರಮದ ಮಿತಿ L, bₙ ಎಂಬುದರ ಮಿತಿ M ಆದರೆ, aₙbₙ ಎಂಬ ಗುಣಲಬ್ಧದ ಮಿತಿ LM ಎಂದು ಸಾಧಿಸಿ. (ಇಂಗ್ಲಿಷ್ ಪುಸ್ತಕದ ಲಿಮಿಟ್ ಎಂಬುದನ್ನೇ ಇಲ್ಲಿ ಮಿತಿ ಎಂದಿದೆ.) ಇದಕ್ಕೆ 10 ಅಂಕವೆಂದು ಇಟ್ಟುಕೊಳ್ಳೋಣ.

ಮೊದಲು ಮಿತಿ ಎಂದರೇನು ಎಂಬುದು ಖಚಿತವಿರಬೇಕು. ಎದುರಾಳಿ ಯಾವ ಧನ ಸಂಖ್ಯೆ ε ಅನ್ನು ಕೊಟ್ಟರೂ, ಅದು ಎಷ್ಟೇ ಚಿಕ್ಕದಾಗಿದ್ದರೂ, ನಾವು N ಎಂಬ ಒಂದು ಸ್ಥಾನವನ್ನು ತೋರಿಸಬಲ್ಲೆವು. ಅಲ್ಲಿಂದ ಮುಂದಿನ ಪ್ರತಿಯೊಂದು n ಗೂ aₙ ಮತ್ತು L ಇವುಗಳ ಅಂತರ ε ಗಿಂತ ಕಡಿಮೆ. ಇಲ್ಲಿ ಕ್ರಮವೇ ಮುಖ್ಯ: ಮೊದಲು ε, ಆಮೇಲೆ N, ಕಟ್ಟಕಡೆಗೆ n. ಅರ್ಜಿ ಸಲ್ಲಿಸಲು ಕೊನೆಯ ದಿನಾಂಕವನ್ನು ನೋಟೀಸಿನಲ್ಲಿ ಹಾಕುತ್ತಾರಷ್ಟೆ. ಅರ್ಜಿಗಳು ಬಂದ ಮೇಲೆ ಒಬ್ಬೊಬ್ಬ ಅರ್ಜಿದಾರನಿಗೆ ಒಂದೊಂದು ಕೊನೆಯ ದಿನಾಂಕ ಎನ್ನುವಂತಿಲ್ಲ. N ಎಂಬುದೂ ಹಾಗೆಯೇ, ಎಲ್ಲ n ಗಳಿಗೂ ಒಂದೇ. ಈ ಮಾತನ್ನು ಮನಸ್ಸಿನಲ್ಲಿಡಿ. ಮುಂದೆ ಬರುವ ದೊಡ್ಡ ತಪ್ಪು ಇದನ್ನು ಮರೆತದ್ದರಿಂದಲೇ ಆಗುವಂಥದು.

ಈಗ ಸಾಧನೆ. ನಡುವೆ aₙM ಎಂಬ ಪದವನ್ನು ಕಳೆದು ಕೂಡಿಸಿದರೆ,

aₙbₙ − LM = aₙ(bₙ − M) + M(aₙ − L)

ಆದುದರಿಂದ ತ್ರಿಭುಜ ಅಸಮತೆಯ ಪ್ರಕಾರ

|aₙbₙ − LM| ≤ |aₙ||bₙ − M| + |M||aₙ − L|

ಬಲಗಡೆಯ ಎರಡು ತುಂಡುಗಳಲ್ಲಿಯೂ ಚಿಕ್ಕದಾಗುವ ಅಂಶ ಒಂದೊಂದಿದೆ. ಎರಡನೆಯದರ ಜೊತೆಗಿರುವ |M| ಸ್ಥಿರ ಸಂಖ್ಯೆ, ಅದರಿಂದ ತೊಂದರೆಯಿಲ್ಲ. ಮೊದಲನೆಯದರ ಜೊತೆಗಿರುವ |aₙ| ಮಾತ್ರ n ಬದಲಾದಂತೆ ಬದಲಾಗುತ್ತದೆ. ಅದು ಬೆಳೆಯುತ್ತಾ ಹೋದರೆ |bₙ − M| ಚಿಕ್ಕದಾಗುವುದರ ಲಾಭವನ್ನೆಲ್ಲ ನುಂಗಿಹಾಕೀತು. ಹಾಗಾಗುವುದಿಲ್ಲವೆಂಬುದಕ್ಕೆ ಕಾರಣ ಕೊಡಬೇಕು. ಕಾರಣ ಇದು: ಮಿತಿಯುಳ್ಳ ಅನುಕ್ರಮ ಪರಿಬದ್ಧವಾದದ್ದು, ಎಂದರೆ ಎಲ್ಲ n ಗಳಿಗೂ |aₙ| ≤ K ಆಗುವಂಥ ಒಂದೇ ಧನ ಸಂಖ್ಯೆ K ಇದೆ. ಇಷ್ಟಾದ ಮೇಲೆ, |bₙ − M| < ε/(2K) ಆಗುವಂತೆ ಒಂದು ಸ್ಥಾನವನ್ನೂ, |aₙ − L| < ε/(2(|M| + 1)) ಆಗುವಂತೆ ಇನ್ನೊಂದು ಸ್ಥಾನವನ್ನೂ ಆರಿಸಿ, ಎರಡರಲ್ಲಿ ದೊಡ್ಡದನ್ನು N ಎಂದರೆ, ಅಲ್ಲಿಂದ ಮುಂದೆ ಮೊತ್ತ ε ಗಿಂತ ಕಡಿಮೆ. ಕೆಲಸ ಮುಗಿಯಿತು.

ಅಂಕಗಳನ್ನು ನಾನು ಹೀಗೆ ಹಂಚುತ್ತೇನೆ. ಕೊಟ್ಟದ್ದೇನು, ತೋರಿಸಬೇಕಾದ್ದೇನು ಎಂಬುದನ್ನು ε ಮತ್ತು N ಗಳ ಭಾಷೆಯಲ್ಲಿ ಸರಿಯಾಗಿ ಬರೆದರೆ 2. ಅಂತರವನ್ನು ಚಿಕ್ಕ ಅಂಶಗಳಿರುವ ತುಂಡುಗಳಾಗಿ ಬಿಡಿಸಿದ್ದಕ್ಕೆ 2. ಬದಲಾಗುವ ಗುಣಕವನ್ನು ಹತೋಟಿಯಲ್ಲಿಟ್ಟದ್ದಕ್ಕೆ 4. N ಅನ್ನು ಆರಿಸಿ ಮುಗಿಸಿದ್ದಕ್ಕೆ 2. ಮೂರನೆಯದಕ್ಕೆ ಇಷ್ಟೇಕೆ ಎಂದರೆ, ಈ ಪ್ರಮೇಯದ ಜೀವ ಇರುವುದೇ ಅಲ್ಲಿ. ಉಳಿದದ್ದು ಇಂಥ ಎಲ್ಲ ಪ್ರಶ್ನೆಗಳಿಗೂ ಸಾಮಾನ್ಯವಾದ ಕೆಲಸ. ಆ 4ರಲ್ಲಿ ಹತೋಟಿ ಬೇಕೆಂದು ಕಂಡುಕೊಂಡದ್ದಕ್ಕೆ 2, ಹತೋಟಿಗೆ ಆಧಾರ ಕೊಟ್ಟದ್ದಕ್ಕೆ 2. "ಮಿತಿಯುಳ್ಳ ಅನುಕ್ರಮ ಪರಿಬದ್ಧ" ಎಂಬ ಪ್ರಮೇಯ ಪಠ್ಯದಲ್ಲಿ ಇದಕ್ಕೆ ಮುಂಚೆಯೇ ಬಂದಿರುವುದರಿಂದ, ಅದನ್ನು ಹೆಸರಿಸಿದರೆ ಸಾಕು, ಮತ್ತೆ ಸಾಧಿಸಬೇಕೆಂದಿಲ್ಲ.

ಇನ್ನು ಕೆಲವು ಉತ್ತರಗಳನ್ನು ತಿದ್ದೋಣ.

ಮೊದಲನೆಯ ಅಭ್ಯರ್ಥಿ ಮಿತಿಯ ವ್ಯಾಖ್ಯೆಯನ್ನು ಎರಡು ಅನುಕ್ರಮಗಳಿಗೂ ತಪ್ಪಿಲ್ಲದೆ ಬರೆದು, ತೋರಿಸಬೇಕಾದ್ದನ್ನೂ ಬರೆದು, ಆಮೇಲೆ "aₙ ಎಂಬುದು L ಗೆ ಹತ್ತಿರ, bₙ ಎಂಬುದು M ಗೆ ಹತ್ತಿರ, ಆದ್ದರಿಂದ ಗುಣಲಬ್ಧ LM ಗೆ ಹತ್ತಿರ" ಎಂದು ಮುಗಿಸಿದ್ದಾನೆ. ಇದು ಸಾಧಿಸಬೇಕಾದ ಮಾತನ್ನೇ ಬೇರೆ ಶಬ್ದಗಳಲ್ಲಿ ಹೇಳಿದಂತಾಯಿತು. 2 ಅಂಕ.

ಎರಡನೆಯ ಅಭ್ಯರ್ಥಿಯ ಉತ್ತರವೇ ನಾವು ನಿಂತು ನೋಡಬೇಕಾದದ್ದು. ಚುರುಕಾದ ವಿದ್ಯಾರ್ಥಿಗಳು ಮಾಡುವ ತಪ್ಪು ಅದರಲ್ಲಿದೆ. ಬಿಡಿಸಿದ್ದು ಸರಿ, ಅಸಮತೆ ಸರಿ. ಆಮೇಲೆ ಹೀಗೆ ಬರೆಯುತ್ತಾನೆ: "n ≥ N ಆದಾಗ |bₙ − M| < ε/(2|aₙ|) ಮತ್ತು |aₙ − L| < ε/(2|M|) ಆಗುವಂತೆ N ಅನ್ನು ಆರಿಸಿ. ಆಗ ಮೊತ್ತ ε ಗಿಂತ ಕಡಿಮೆ." ಓದಲು ಎಷ್ಟು ಸೊಗಸಾಗಿದೆ! ದಣಿದ ಪರೀಕ್ಷಕನ ಕಣ್ಣಿಗೆ ಇದು ಪೂರ್ಣ ಉತ್ತರವಾಗಿಯೇ ಕಂಡೀತು. ಆದರೆ ε ಇರಬೇಕಾದ ಸ್ಥಳದಲ್ಲಿ ಅವನು ಇಟ್ಟಿರುವುದು ε/(2|aₙ|); ಅದರೊಳಗೆ n ಇದೆ. N ಅನ್ನು ಆರಿಸುವಾಗ n ಇನ್ನೂ ಬಂದೇ ಇಲ್ಲ. ಅರ್ಜಿದಾರನ ಮುಖ ನೋಡಿ ಕೊನೆಯ ದಿನಾಂಕ ಹಾಕಿದಂತಾಯಿತು. bₙ ಬಗ್ಗೆ ನಮಗೆ ಕೊಟ್ಟಿರುವ ಭರವಸೆ ಸ್ಥಿರವಾದ ಧನ ಸಂಖ್ಯೆಗೆ ಮಾತ್ರ, ಓಡಾಡುವ ಸಂಖ್ಯೆಗಲ್ಲ.

ಇದು ನಿಜಕ್ಕೂ ದೋಷವೋ ಬರೆಯುವ ಶೈಲಿಯ ಮಾತೋ ಎಂದು ಅನುಮಾನ ಬಂದರೆ ಪರೀಕ್ಷಿಸುವ ಉಪಾಯವೊಂದಿದೆ: ಅದೇ ವಾದವನ್ನು ಸುಳ್ಳೆಂದು ನಮಗೆ ಗೊತ್ತಿರುವ ಮಾತಿಗೆ ಹೂಡಿ ನೋಡುವುದು. "bₙ ಸೊನ್ನೆಗೆ ಹೋದರೆ, aₙ ಏನೇ ಆಗಿರಲಿ, aₙbₙ ಸೊನ್ನೆಗೆ ಹೋಗುತ್ತದೆ" ಎನ್ನೋಣ. ಎರಡನೆಯ ಅಭ್ಯರ್ಥಿಯ ರೀತಿಯಲ್ಲಿ |bₙ| < ε/|aₙ| ಆಗುವಂತೆ N ಆರಿಸಿದರೆ ಇದೂ ಸಾಧಿಸಿದಂತೆಯೇ! ಆದರೆ aₙ = n, bₙ = 1/n ತೆಗೆದುಕೊಳ್ಳಿ. ಗುಣಲಬ್ಧ ಯಾವಾಗಲೂ 1. ಅದು ಸೊನ್ನೆಯ ಕಡೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಸುಳ್ಳನ್ನೂ ಸಾಧಿಸಿಕೊಡುವ ವಾದ ನಿಜವನ್ನು ಸಾಧಿಸಿತೆಂದು ಹೇಳುವಂತಿಲ್ಲ.

ಹಾಗಾದರೆ ಅಂಕ? ಮೊದಲ ಭಾಗಕ್ಕೆ 2, ಎರಡನೆಯದಕ್ಕೆ 2, ಮೂರನೆಯದಕ್ಕೆ ಸೊನ್ನೆ. ಕೊನೆಯ ಭಾಗದಲ್ಲಿ ಮತ್ತೆ ಅದೇ ತಪ್ಪಿಗೆ ಕತ್ತರಿ ಹಾಕಬಾರದು. ಲೆಡ್ಜರಿನಲ್ಲಿ ಒಂದು ಪುಟದ ಕೂಡಿಕೆ ತಪ್ಪಿ ಮುಂದಿನ ಪುಟಗಳಿಗೆ ಅದೇ ಮೊತ್ತ ಹೋಗಿದ್ದರೆ, ತಪ್ಪು ಒಂದೇ ಎಂದು ಎಣಿಸುವುದಿಲ್ಲವೇ? ಆದರೆ ಇಲ್ಲಿ ಬೇರೊಂದು ಲೋಪವಿದೆ: M ಸೊನ್ನೆಯಾದರೆ ε/(2|M|) ಎಂಬುದಕ್ಕೆ ಅರ್ಥವೇ ಇಲ್ಲ. |M| + 1 ಎಂದು ಬರೆಯುವುದು ಅದಕ್ಕಾಗಿಯೇ. ಅದಕ್ಕೆ 1 ಕಳೆದು ಕೊನೆಯ ಭಾಗಕ್ಕೆ 1. ಒಟ್ಟು 5.

ಈ ಅಭ್ಯರ್ಥಿ ನಾಚಿಕೆಪಡಬೇಕಾಗಿಲ್ಲವೆಂದು ನನಗೆ ತೋರುತ್ತದೆ. ಫ್ರಾನ್ಸಿನ ಮಹಾಗಣಿತಜ್ಞ ಕೋಶಿ 1821ರ ತನ್ನ ಪಠ್ಯದಲ್ಲಿ, ಅವಿಚ್ಛಿನ್ನ ಫಲನಗಳ ಶ್ರೇಣಿ ಒಮ್ಮುಖವಾದರೆ ಮೊತ್ತವೂ ಅವಿಚ್ಛಿನ್ನ ಎಂದು ಬರೆದ. 1826ರಲ್ಲಿ ನಾರ್ವೆಯ ಆಬೆಲ್ ಇದಕ್ಕೆ ಅಪವಾದಗಳಿವೆಯೆಂದು ತೋರಿಸಿದ. ಅಲ್ಲಿಯೂ ತೊಡಕು ಇದೇ ಜಾತಿಯದು: N ಎಂಬುದು x ಅನ್ನು ಅವಲಂಬಿಸಿರುವಾಗ ಎಲ್ಲ x ಗಳಿಗೂ ಒಂದೇ N ಇದೆಯೆಂಬಂತೆ ವಾದ ನಡೆದಿತ್ತು.

ಮೂರನೆಯ ಉತ್ತರ ಪರೀಕ್ಷಕನನ್ನೇ ಪರೀಕ್ಷಿಸುವಂಥದು. ಅದರಲ್ಲಿ K ಎಂಬುದೂ ಇಲ್ಲ, "ಪರಿಬದ್ಧ" ಎಂಬ ಶಬ್ದವೂ ಇಲ್ಲ. ಅಭ್ಯರ್ಥಿ ಬರೆದಿರುವುದು ಇದು:

aₙbₙ − LM = (aₙ − L)(bₙ − M) + L(bₙ − M) + M(aₙ − L)

ಆಮೇಲೆ, 1 ಮತ್ತು ε/(1 + |L| + |M|) ಇವೆರಡರಲ್ಲಿ ಚಿಕ್ಕದನ್ನು δ ಎಂದು ಕರೆದು, ಎರಡು ಅಂತರಗಳೂ δ ಗಿಂತ ಕಡಿಮೆಯಾಗುವಂತೆ N ಆರಿಸಿದ್ದಾನೆ. δ ಎಂಬುದು 1ನ್ನು ಮೀರದ ಕಾರಣ ಮೊದಲ ತುಂಡು δ ಗಿಂತ ಕಡಿಮೆ. ಉಳಿದೆರಡು |L|δ ಮತ್ತು |M|δ ಇವುಗಳನ್ನು ಮೀರುವುದಿಲ್ಲ. ಮೊತ್ತ δ(1 + |L| + |M|) ಗಿಂತ ಕಡಿಮೆ, ಎಂದರೆ ε ಗಿಂತ ಕಡಿಮೆ. ಎಲ್ಲಿಯೂ ಬಿರುಕಿಲ್ಲ. "ಪರಿಬದ್ಧತೆಗೆ 4 ಅಂಕ" ಎಂದು ಅಂಕಪಟ್ಟಿಯಲ್ಲಿ ಬರೆದಿಟ್ಟುಕೊಂಡ ಪರೀಕ್ಷಕ ಇದಕ್ಕೆ 6 ಕೊಟ್ಟಾನು, ಅದು ಅನ್ಯಾಯ. ಈ ಬಿಡಿಸುವಿಕೆಯಲ್ಲಿ L ಮತ್ತು M ಸ್ಥಿರವಾದವು, ಉಳಿದ ಗುಣಕ ತಾನೇ ಚಿಕ್ಕದು. ಹತೋಟಿ ಬೇರೆ ದಾರಿಯಿಂದ ದೊರಕಿದೆ. ಆದ್ದರಿಂದಲೇ ನಾನು ಮೇಲೆ "ಬದಲಾಗುವ ಗುಣಕವನ್ನು ಹತೋಟಿಯಲ್ಲಿಟ್ಟದ್ದಕ್ಕೆ" ಎಂದು ಬರೆದದ್ದು. ಪೂರ್ತಿ 10.

ನಾಲ್ಕನೆಯವನು ಮೊದಲಿನ ದಾರಿಯಲ್ಲೇ ಹೋಗಿ, ಕೊನೆಗೆ ಅಂತರ (K + |M|)ε ಗಿಂತ ಕಡಿಮೆ ಎಂದು ನಿಲ್ಲಿಸಿದ್ದಾನೆ. ε ಬರಲಿಲ್ಲವೆಂದು ಕೆಲವರು ಅಂಕ ಕಳೆಯುತ್ತಾರೆ. "K + |M| ಎಂಬುದು n ಅನ್ನಾಗಲಿ ε ಅನ್ನಾಗಲಿ ಅವಲಂಬಿಸಿಲ್ಲ, ε ನಮ್ಮ ಇಷ್ಟದಷ್ಟು ಚಿಕ್ಕದು" ಎಂಬ ಒಂದು ವಾಕ್ಯವಿದ್ದರೆ 10; ಇಲ್ಲದಿದ್ದರೆ 9. ಅದಕ್ಕಿಂತ ಹೆಚ್ಚು ಕಳೆಯುವುದು ಜಿಪುಣತನ.

ಒಂದು ಉತ್ತರವನ್ನು ನೀವೇ ತಿದ್ದಿ. ಮುಂದಿನದನ್ನು ಓದುವ ಮೊದಲು ಕಾಗದದ ಮೇಲೆ ಅಂಕ ಬರೆದುಕೊಳ್ಳಿ. ಪ್ರಶ್ನೆ: aₙ ಯಾವುದೂ ಸೊನ್ನೆಯಲ್ಲ, ಮಿತಿ L ಕೂಡ ಸೊನ್ನೆಯಲ್ಲ, 1/aₙ ಎಂಬುದರ ಮಿತಿ 1/L ಎಂದು ಸಾಧಿಸಿ. ಅಭ್ಯರ್ಥಿ ವ್ಯಾಖ್ಯೆಗಳನ್ನು ಸರಿಯಾಗಿ ಬರೆದು, ಅಂತರವನ್ನು |aₙ − L|/(|aₙ||L|) ಎಂದು ಬಿಡಿಸಿ, "ಅನುಕ್ರಮ ಪರಿಬದ್ಧವಾದ್ದರಿಂದ |aₙ| ≤ K, ಆದುದರಿಂದ ಇದು |aₙ − L|/(K|L|) ಅನ್ನು ಮೀರದು" ಎಂದು ಹೇಳಿ, |aₙ − L| < εK|L| ಆಗುವಂತೆ N ಆರಿಸಿ ಮುಗಿಸಿದ್ದಾನೆ.

ನನ್ನ ಲೆಕ್ಕದಲ್ಲಿ ಇದಕ್ಕೆ 6. ಛೇದದಲ್ಲಿರುವ ಸಂಖ್ಯೆಯನ್ನು ದೊಡ್ಡದು ಮಾಡಿದರೆ ಭಾಗಲಬ್ಧ ಚಿಕ್ಕದಾಗುತ್ತದೆ: |aₙ| = 2, K = 10 ಆದರೆ 1/2 ಎಂಬುದು 1/10ನ್ನು ಮೀರದೆ ಇರುತ್ತದೆಯೇ? ಇಲ್ಲಿ ಬೇಕಾದದ್ದು ಮೇಲಿನ ಎಲ್ಲೆಯಲ್ಲ, ಕೆಳಗಿನ ಎಲ್ಲೆ. ಹತೋಟಿ ಬೇಕೆಂದು ಕಂಡದ್ದಕ್ಕೆ ಅಂಕ ಕೊಡಬಹುದೇ ಎಂದು ಕೇಳುವಿರಿ. ಬೇಕಾದದ್ದು ಯಾವ ಕಡೆಯ ಎಲ್ಲೆ ಎಂಬುದೇ ಕಾಣದೆ ಹೋದದ್ದರಿಂದ ನಾನು ಕೊಡಲಾರೆ. ಮೊದಲ ಎರಡು ಭಾಗಗಳಿಗೆ 4, ತಪ್ಪನ್ನು ಒಮ್ಮೆಯೇ ಎಣಿಸಿ ಕೊನೆಯ ಭಾಗಕ್ಕೆ 2. ಆ ನಡುವಿನ 4 ಅಂಕವನ್ನು ಗಳಿಸಿಕೊಡುವ ಸಾಲು ಇದು: |aₙ − L| < |L|/2 ಆಗುವ ಸ್ಥಾನದಿಂದ ಮುಂದೆ |aₙ| > |L|/2, ಆದುದರಿಂದ ಅಂತರ 2|aₙ − L|/|L|² ಗಿಂತ ಹೆಚ್ಚಾಗದು. N ಅನ್ನು ಆರಿಸುವಾಗ ಆ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಮರೆತರೆ 1 ಕಡಿಮೆ.