ಕತ್ತರಿ ಗುರುತು ಹೌದೋ, ಅಲ್ಲವೋ?

ಮನೆಮನೆ ಸಮೀಕ್ಷೆಯ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವಾಗ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಕೆಟ್ಟ ಕೈಬರಹವಲ್ಲ, ಕತ್ತರಿ ಗುರುತು. ನಮ್ಮ ಅರ್ಜಿಗಳಲ್ಲಿ ‘ಅನ್ವಯಿಸದ್ದನ್ನು ಹೊಡೆದುಹಾಕಿ’ ಎಂಬ ಸೂಚನೆ ಹಳೆಯದು. ಅಲ್ಲಿ ಹೊಡೆದದ್ದು ಬೇಡವಾದದ್ದು, ಉಳಿದದ್ದೇ ಉತ್ತರ. ಆದರೆ ಖಾಲಿ ಚೌಕದೊಳಗೆ ಅದೇ ಕತ್ತರಿ ಹಾಕಿ ‘ಇದೇ ನನ್ನ ಉತ್ತರ’ ಎನ್ನುವವರೂ ಬಹಳ. ಎರಡು ಬಗೆಯ ಪ್ರಶ್ನೆಗಳೂ ಒಂದೇ ಫಾರಂನಲ್ಲಿದ್ದರೆ ಒಬ್ಬರ ಕೈಯಲ್ಲೇ ಎರಡು ಅರ್ಥ ಹುಟ್ಟುತ್ತವೆ.

ಒಂದು ಫಾರಂ ನೋಡೋಣ. ಅಡುಗೆಗೆ ಏನು ಉರಿಸುತ್ತೀರಿ ಎಂಬಲ್ಲಿ ಸೌದೆ, ಗ್ಯಾಸ್, ಸೀಮೆಎಣ್ಣೆ ಎಂದು ಮೂರು ಚೌಕ. ಸೌದೆಗೆ ರೈಟ್ ಗುರುತು, ಗ್ಯಾಸಿಗೆ ಕತ್ತರಿ, ಸೀಮೆಎಣ್ಣೆ ಖಾಲಿ. ಗ್ಯಾಸ್ ಇಲ್ಲವೆಂದೇ? ಕೆಳಗೆ ‘ಸಿಲಿಂಡರ್ ಎಷ್ಟು ತಿಂಗಳು ಬರುತ್ತದೆ’ ಎಂಬಲ್ಲಿ 3 ಎಂದಿದೆ. ಹಾಗಾದರೆ ಕತ್ತರಿಯೂ ಆಯ್ಕೆಯೇ ಎನಿಸುತ್ತದೆ. ಆದರೆ ಅಷ್ಟಕ್ಕೇ ತೀರ್ಮಾನಿಸದೆ ಇಡೀ ಫಾರಂ ತಿರುವಿ, ಅದೇ ಕೈ ಬೇರೆ ಚೌಕಗಳಲ್ಲಿ ಏನು ಮಾಡಿದೆ ಎಂದು ನೋಡಬೇಕು. ಒಂದೇ ಉತ್ತರವಿರುವ ಪ್ರಶ್ನೆಯಲ್ಲಿ, ಲಿಂಗದ ಪ್ರಶ್ನೆಯಂಥದ್ದರಲ್ಲಿ, ಆ ಕೈಯ ರೂಢಿ ಬೇಗ ತಿಳಿಯುತ್ತದೆ. ಹೆಸರು ಹೆಂಗಸಿನದಾಗಿ, ಕತ್ತರಿ ‘ಹೆಣ್ಣು’ ಚೌಕದಲ್ಲೇ ಇದ್ದರೆ ಅನುಮಾನ ಬಹುಪಾಲು ಕರಗಿತು.

ಇಷ್ಟಾದರೂ ‘ಗ್ಯಾಸ್: ಹೌದು’ ಎಂದಷ್ಟೇ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಪ್ರತಿ ಚೌಕಕ್ಕೂ ಎರಡು ಕಾಲಂ ಬೇಕು. ಮೊದಲನೆಯದರಲ್ಲಿ ಕಣ್ಣಿಗೆ ಕಂಡದ್ದು ಮಾತ್ರ: ಖಾಲಿಗೆ 0, ರೈಟಿಗೆ 1, ಕತ್ತರಿಗೆ 2, ಸುತ್ತು ಹಾಕಿದ್ದಕ್ಕೆ 3, ಗುರುತು ಹಾಕಿ ಆಮೇಲೆ ಗೀಚಿ ಅಳಿಸಿದ್ದಕ್ಕೆ 4. ಎರಡನೆಯದರಲ್ಲಿ ನಾವು ತಿಳಿದ ಅರ್ಥ: ಹೌದು, ಅಲ್ಲ, ಸ್ಪಷ್ಟವಿಲ್ಲ, ಉತ್ತರವಿಲ್ಲ. ಸೀಮೆಎಣ್ಣೆಯ ಖಾಲಿ ಚೌಕ ಇಲ್ಲಿ ‘ಅಲ್ಲ’ ಆಗಬಹುದು, ಏಕೆಂದರೆ ಆ ಪ್ರಶ್ನೆಗೆ ಉತ್ತರ ಬಂದಿದೆ. ಮೂರೂ ಖಾಲಿಯಿದ್ದರೆ ಅದು ‘ಅಲ್ಲ’ ಅಲ್ಲ, ಉತ್ತರವೇ ಇಲ್ಲ. ನಾಳೆ ಯಾರಾದರೂ ನಮ್ಮ ಅರ್ಥ ತಪ್ಪೆಂದರೆ ಮೊದಲ ಕಾಲಂ ಹಾಗೇ ಉಳಿದಿರುತ್ತದೆ, ಎರಡನೆಯದನ್ನು ತಿದ್ದಿದರಾಯಿತು.

ಗೀಚಿದ್ದು ಯಾವುದು, ಒತ್ತಿ ಬರೆದ ರೈಟ್ ಯಾವುದು ಎಂಬುದು ಜೆರಾಕ್ಸ್‌ನಲ್ಲಿ ಹೆಚ್ಚಾಗಿ ತಿಳಿಯದು. ಮೂಲ ಹಾಳೆಯನ್ನೇ ಬೆಳಕಿಗೆ ಓರೆ ಹಿಡಿದರೆ ಪೆನ್ನಿನ ಒತ್ತು ಕಾಣುತ್ತದೆ. ಗೀಚಿದ ಗುರುತಿನ ಪಕ್ಕ ಸಹಿಯಿದ್ದರೆ ತಿದ್ದಿದ್ದು ಖಚಿತ.

ಒಂದೇ ಫಾರಂ ಅನ್ನು ಇಬ್ಬರು ಬೇರೆಬೇರೆಯಾಗಿ ಏರಿಸಿ ಹೋಲಿಸಿದರೆ ಕೈತಪ್ಪುಗಳು ಸಿಗುತ್ತವೆ. ಆದರೆ ಇಬ್ಬರೂ ಕತ್ತರಿಯನ್ನು ಒಂದೇ ರೀತಿ ತಪ್ಪಾಗಿ ಓದಿದರೆ ಹೋಲಿಕೆಗೆ ಅದು ಸಿಗದು. ಸ್ಪಷ್ಟವಿಲ್ಲದ್ದನ್ನು ಫಾರಂ ನಂಬರ್ ಸಮೇತ ಸಮೀಕ್ಷೆ ಮಾಡಿದವರಿಗೇ ಮರಳಿಸಬೇಕು. ಅವರು ಆ ಮನೆಯಲ್ಲಿ ‘ಗ್ಯಾಸ್ ಇದೆ ಅಲ್ವಾ ಅಮ್ಮ?’ ಎಂದು ಕೇಳಬಾರದು. ‘ಅಡುಗೆ ಯಾವುದರಲ್ಲಿ ಮಾಡ್ತೀರಿ?’ ಎಂದು ಹೊಸದಾಗಿಯೇ ಕೇಳಬೇಕು.